‘ಶೇ 80 ವಂಶಪಾರಂಪರ್ಯ’: ಈ ಅಂಕಿಯನ್ನು ಓದುವುದು ಹೇಗೆ?

ನನ್ನ ಚಿಕ್ಕಮ್ಮನ ಮಗನಿಗೆ 21ನೇ ವಯಸ್ಸಿನಲ್ಲಿ ಸ್ಕಿಝೋಫ್ರೇನಿಯಾ ಶುರುವಾಯಿತು. ಈಗ ಔಷಧಿ ತೆಗೆದುಕೊಳ್ಳುತ್ತಾ ಅಪ್ಪನ ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತಾನೆ. ಅವನ ಅಕ್ಕನಿಗೆ ಕಳೆದ ವರ್ಷ ಒಂದು ಸಂಬಂಧ ಬಂತು. ಮಾತುಕತೆ ಹೆಚ್ಚೂಕಡಿಮೆ ಮುಗಿದಿತ್ತು. ತಮ್ಮನ ಕಾಯಿಲೆಯ ವಿಷಯವನ್ನು ಚಿಕ್ಕಮ್ಮನೇ ಹೇಳಿದರು. ಗಂಡಿನ ಸೋದರಮಾವ ಮೊಬೈಲ್ ತೆಗೆದು ಒಂದು ಸಾಲು ಓದಿದರು: ‘ಈ ಕಾಯಿಲೆ ಶೇ 80ರಷ್ಟು ವಂಶಪಾರಂಪರ್ಯ.’ ಆಮೇಲೆ ಆ ಕಡೆಯಿಂದ ಫೋನ್ ಬರಲಿಲ್ಲ.

ಅವರು ಓದಿದ ಸಾಲು ಸುಳ್ಳಲ್ಲ. ಅದನ್ನು ಅರ್ಥ ಮಾಡಿಕೊಂಡ ರೀತಿ ಪೂರ್ತಿ ತಪ್ಪು. ಆ 80 ಎಲ್ಲಿಂದ ಬರುತ್ತದೆ ಅಂತ ಒಮ್ಮೆ ಲೆಕ್ಕ ಮಾಡಿ ನೋಡಿದರೆ ತಪ್ಪು ತಾನಾಗಿಯೇ ಕಾಣುತ್ತದೆ. ಕೂಡಿ ಕಳೆಯಲು ಬಂದರೆ ಸಾಕು.

ಮೊದಲು: ಯಾರನ್ನು ಎಣಿಸಿದ್ದಾರೆ, ನೋಡಿ

ಇಂಥ ಅಂಕಿಗೆ ಇಂಗ್ಲಿಷಿನಲ್ಲಿ ಹೆರಿಟಬಿಲಿಟಿ ಎನ್ನುತ್ತಾರೆ. ಅದು ಹೆಚ್ಚಾಗಿ ಬರುವುದು ಅವಳಿಗಳ ಎಣಿಕೆಯಿಂದ. ಡೆನ್ಮಾರ್ಕಿನಲ್ಲಿ ಇಡೀ ದೇಶದ ಅವಳಿಗಳ ದಾಖಲೆ ಇದೆ, ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದವರ ದಾಖಲೆಯೂ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು, 1951ರಿಂದ 2000ದ ನಡುವೆ ಹುಟ್ಟಿದ 31,524 ಅವಳಿ ಜೋಡಿಗಳನ್ನು ನೋಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು.

ಅವಳಿಗಳಲ್ಲಿ ಎರಡು ಬಗೆ. ಒಂದೇ ಭ್ರೂಣ ಒಡೆದು ಇಬ್ಬರಾದವರು ತದ್ರೂಪಿಗಳು. ಅವರ ಜೀನ್‌ಗಳು ಹೆಚ್ಚೂಕಡಿಮೆ ಒಂದೇ. ಎರಡು ಬೇರೆ ಅಂಡಗಳಿಂದ ಹುಟ್ಟಿದವರು ಸಾದಾ ಅವಳಿಗಳು. ಒಬ್ಬರಿಂದ ಒಬ್ಬರಿಗೆ ಬೇರೆಯಾಗುವ ಜೀನ್‌ಗಳಲ್ಲಿ ಸರಾಸರಿ ಅರ್ಧದಷ್ಟು ಇವರಲ್ಲಿ ಸಮಾನ. ಒಡಹುಟ್ಟಿದ ಯಾರಿಗಾದರೂ ಅಷ್ಟೇ. ಎರಡೂ ಬಗೆಯ ಜೋಡಿಗಳು ಒಂದೇ ಮನೆಯಲ್ಲಿ, ಒಂದೇ ಕಾಲದಲ್ಲಿ ಬೆಳೆಯುತ್ತವೆ. ಹಾಗಿದ್ದೂ ತದ್ರೂಪಿಗಳಲ್ಲಿ ಹೋಲಿಕೆ ಜಾಸ್ತಿ ಇದ್ದರೆ, ಆ ಹೆಚ್ಚುವರಿ ಜೀನ್‌ಗಳಿಂದ ಬಂದಿರಬೇಕು. ಅವಳಿ ಅಧ್ಯಯನದ ತರ್ಕ ಇಷ್ಟೇ.

ಡೆನ್ಮಾರ್ಕಿನ ಎಣಿಕೆಯಲ್ಲಿ ಒಬ್ಬರಿಗೆ ಸ್ಕಿಝೋಫ್ರೇನಿಯಾ ಇದ್ದಾಗ ಇನ್ನೊಬ್ಬರಿಗೂ ಇರುವುದು ತದ್ರೂಪಿಗಳಲ್ಲಿ ಶೇ 33, ಸಾದಾ ಅವಳಿಗಳಲ್ಲಿ ಶೇ 7. ಅದೇ ಅಧ್ಯಯನ ಕೊಟ್ಟ ಹೆರಿಟಬಿಲಿಟಿ ಶೇ 79.

ಇಲ್ಲಿ ಸ್ವಲ್ಪ ನಿಲ್ಲಿ. ಜೀನ್‌ಗಳೆಲ್ಲ ಒಂದೇ ಆಗಿದ್ದರೂ ನೂರರಲ್ಲಿ 67 ಮಂದಿಗೆ ಕಾಯಿಲೆ ಬಂದಿಲ್ಲ. ಹಾಗಾದರೆ 79 ಎಲ್ಲಿಂದ ಬಂತು? ಈ ಒಂದು ಪ್ರಶ್ನೆ ಬಗೆಹರಿದರೆ ಅರ್ಧ ಗೊಂದಲ ಮುಗಿದ ಹಾಗೆ.

ಆಮೇಲೆ: ಕೋಡಿಯನ್ನೂ ನೀರಿನ ಮಟ್ಟವನ್ನೂ ಬೇರೆ ಮಾಡಿ

ನೂರು ಕೆರೆಗಳಿವೆ ಅಂದುಕೊಳ್ಳಿ. ಒಂದೊಂದರಲ್ಲಿ ನೀರು ಒಂದೊಂದು ಮಟ್ಟದಲ್ಲಿದೆ. ಈ ವರ್ಷ ಅವುಗಳಲ್ಲಿ ಒಂದೇ ಒಂದು ಕೋಡಿ ಬಿತ್ತು. ದೂರದಿಂದ ನೋಡುವವರಿಗೆ ಕಾಣುವುದು ಕೋಡಿ ಬಿತ್ತೋ ಇಲ್ಲವೋ ಅನ್ನುವುದಷ್ಟೇ. ಒಳಗಿನ ಮಟ್ಟ ಕಾಣುವುದಿಲ್ಲ.

ಸ್ಕಿಝೋಫ್ರೇನಿಯಾ ಸುಮಾರು ನೂರಕ್ಕೆ ಒಬ್ಬರಿಗೆ ಬರುವ ಕಾಯಿಲೆ. ಕಾಯಿಲೆ ಬರುವುದೆಂದರೆ ಕೋಡಿ ಬಿದ್ದ ಹಾಗೆ. ಪ್ರತಿಯೊಬ್ಬರಲ್ಲೂ ಇರುವ, ಕಣ್ಣಿಗೆ ಕಾಣದ ಒಲವು ನೀರಿನ ಮಟ್ಟದ ಹಾಗೆ. ಸಂಶೋಧಕರು ಕೋಡಿ ಬಿದ್ದ ಲೆಕ್ಕದಿಂದ ಹಿಂದಕ್ಕೆ ಹೋಗಿ, ಇಬ್ಬರ ಮಟ್ಟ ಎಷ್ಟು ಹೊಂದುತ್ತದೆ ಎಂದು ಅಂದಾಜು ಮಾಡುತ್ತಾರೆ. ಪೂರ್ತಿ ಹೊಂದಿದರೆ 1, ಏನೂ ಹೊಂದದಿದ್ದರೆ 0. ನೂರಕ್ಕೆ ಒಂದು ಅನ್ನುವ ಲೆಕ್ಕ ಹಿಡಿದು ನಾನು ಮಾಡಿ ನೋಡಿದಾಗ, ತದ್ರೂಪಿಗಳ 33 ಸುಮಾರು 0.76 ಆಗುತ್ತದೆ. ಸಾದಾ ಅವಳಿಗಳ 7 ಸುಮಾರು 0.35. ಇನ್ನು ಸೂತ್ರ, ಇದರಲ್ಲಿ h² ಅಂದರೆ ಹೆರಿಟಬಿಲಿಟಿ:

h² = 2 × (0.76 − 0.35) = 0.82

ಎರಡರಿಂದ ಯಾಕೆ ಗುಣಿಸಬೇಕು? ತದ್ರೂಪಿಗಳಿಗೂ ಸಾದಾ ಅವಳಿಗಳಿಗೂ ನಡುವೆ ಇರುವ ವ್ಯತ್ಯಾಸ ಅರ್ಧ ಜೀನ್‌ಗಳದ್ದು. ಅರ್ಧದಿಂದ ಇಷ್ಟು ಹೋಲಿಕೆ ಬಂದರೆ ಪೂರ್ತಿಯಿಂದ ಇದರ ಎರಡರಷ್ಟು. ಕೈಲೆಕ್ಕದಲ್ಲಿ ಶೇ 82 ಬಂತು. ಅಧ್ಯಯನದವರು ವಯಸ್ಸು ಮುಂತಾದವನ್ನು ಸರಿಹೊಂದಿಸಿ ಹೆಚ್ಚು ನಾಜೂಕಾಗಿ ಮಾಡಿ 79 ಪಡೆದರು. ಎರಡೂ ಹತ್ತಿರವೇ ಇವೆ.

ಅಂದರೆ 79 ಕೋಡಿಯ ಲೆಕ್ಕವಲ್ಲ. ಕೆರೆಯಿಂದ ಕೆರೆಗೆ ಮಟ್ಟ ಯಾಕೆ ಬೇರೆ ಎಂಬುದರ ಲೆಕ್ಕ. ಎರಡು ಕೆರೆಗಳ ಮಟ್ಟ ಹೆಚ್ಚೂಕಡಿಮೆ ಒಂದೇ ಇದ್ದರೂ, ಒಂದು ಕೋಡಿ ಬಿದ್ದು ಇನ್ನೊಂದು ಗೇಣು ಕೆಳಗೆ ನಿಲ್ಲಬಹುದು ಅಲ್ವಾ? ಬಹುತೇಕ ತದ್ರೂಪಿ ಜೋಡಿಗಳಲ್ಲಿ ಆಗುವುದು ಇದೇ.

ಇದನ್ನು ತೋರಿಸುವ ಒಂದು ಹಳೆಯ ಕೆಲಸ ನನಗೆ ತುಂಬಾ ಇಷ್ಟ. ಅದೂ ಡೆನ್ಮಾರ್ಕಿನದೇ. ಒಬ್ಬರಿಗೆ ಕಾಯಿಲೆ ಇದ್ದು ಇನ್ನೊಬ್ಬರಿಗೆ ಇಲ್ಲದ ತದ್ರೂಪಿಗಳನ್ನು ಹುಡುಕಿ, ಗೊಟ್ಟೆಸ್‌ಮನ್ ಮತ್ತು ಬೆರ್ಟೆಲ್‌ಸೆನ್ 1989ರಲ್ಲಿ ಇಬ್ಬರ ಮಕ್ಕಳನ್ನೂ ನೋಡಿದರು. ಕಾಯಿಲೆ ಇದ್ದವರ ಮಕ್ಕಳಿಗೆ ಬರುವ ಸಾಧ್ಯತೆ ಶೇ 16.8, ಕಾಯಿಲೆ ಇಲ್ಲದವರ ಮಕ್ಕಳಿಗೆ ಶೇ 17.4. ಮಕ್ಕಳ ಸಂಖ್ಯೆ ಕಡಿಮೆ ಇತ್ತು, ಹಾಗಾಗಿ ಅಂಕಿಗಳನ್ನು ಬಿಗಿಯಾಗಿ ಹಿಡಿಯುವುದು ಬೇಡ. ಆದರೆ ಆರೋಗ್ಯವಾಗಿ ಉಳಿದ ಅವಳಿಯೂ ಅದೇ ಮಟ್ಟದ ಒಲವನ್ನು ಹೊತ್ತಿದ್ದರು, ಕಾಯಿಲೆ ಬೀಳದೆಯೇ ಬಾಳಿದರು ಎಂದು ಇದು ಹೇಳುತ್ತದೆ.

ಮೂರನೆಯದು: ದತ್ತು ಮಕ್ಕಳ ಲೆಕ್ಕದ ಜೊತೆ ಹೋಲಿಸಿ

ಅವಳಿ ಲೆಕ್ಕದಲ್ಲಿ ಒಂದು ಸಂದುಂಟು. ತದ್ರೂಪಿಗಳಿಗೆ ಒಂದೇ ಥರದ ಬಟ್ಟೆ ಹಾಕುತ್ತಾರೆ, ಜನ ಒಂದೇ ರೀತಿ ನಡೆಸಿಕೊಳ್ಳುತ್ತಾರೆ. ಗರ್ಭದಲ್ಲೂ ಅನೇಕರು ಒಂದೇ ಮಾಸನ್ನು ಹಂಚಿಕೊಂಡಿರುತ್ತಾರೆ. ಹೋಲಿಕೆ ಅಲ್ಲಿಂದಲೂ ಬಂದಿರಬಹುದು. ಇದನ್ನು ಒರೆಗೆ ಹಚ್ಚಲು ದತ್ತು ಅಧ್ಯಯನಗಳು ಬೇಕು.

ಅಮೆರಿಕದ ಆರೆಗನ್ ರಾಜ್ಯದಲ್ಲಿ ಲೆನಾರ್ಡ್ ಹೆಸ್ಟನ್ ಇಂಥದೊಂದನ್ನು ಮಾಡಿ 1966ರಲ್ಲಿ ಪ್ರಕಟಿಸಿದರು. ಮಾನಸಿಕ ಆಸ್ಪತ್ರೆಯಲ್ಲಿದ್ದ, ಸ್ಕಿಝೋಫ್ರೇನಿಯಾ ಇದ್ದ ತಾಯಂದಿರ 47 ಮಕ್ಕಳು. ಎಲ್ಲರನ್ನೂ ಹುಟ್ಟಿದ ಮೂರು ದಿನದೊಳಗೆ ತಾಯಿಯಿಂದ ದೂರ ಮಾಡಿ ಬೇರೆ ಕಡೆ ಬೆಳೆಸಿದ್ದರು. ಹಾಗೆಯೇ ಬೇರೆ ಕಡೆ ಬೆಳೆದ, ತಾಯಿಗೆ ಕಾಯಿಲೆ ಇಲ್ಲದ 50 ಮಕ್ಕಳನ್ನು ಹೋಲಿಕೆಗೆ ತೆಗೆದುಕೊಂಡರು. ದೊಡ್ಡವರಾದ ಮೇಲೆ ನೋಡಿದಾಗ ಮೊದಲ ಗುಂಪಿನಲ್ಲಿ ಐವರಿಗೆ ಕಾಯಿಲೆ ಬಂದಿತ್ತು, ಎರಡನೆಯದರಲ್ಲಿ ಯಾರಿಗೂ ಇಲ್ಲ. ತಾಯಿ ಸಾಕಿದ ರೀತಿಯಿಂದಲೇ ಈ ಕಾಯಿಲೆ ಬರುತ್ತದೆ ಎಂದು ಆಗ ಅನೇಕ ವೈದ್ಯರು ನಂಬಿದ್ದರು. ಎಷ್ಟೋ ತಾಯಂದಿರು ಆ ಹೊರೆ ಹೊತ್ತರು. ಈ ಐದು ಮತ್ತು ಸೊನ್ನೆ ಅದನ್ನು ಅಲುಗಾಡಿಸಿದವು.

ಅದೇ ಪಟ್ಟಿಯಲ್ಲಿ ಇನ್ನೊಂದು ಸಂಖ್ಯೆಯೂ ಇದೆ. ಕಾಯಿಲೆ ಬಾರದ ಮಕ್ಕಳು 42.

ದತ್ತು ಲೆಕ್ಕಕ್ಕೂ ಮಿತಿ ಇದೆ. ಒಂಬತ್ತು ತಿಂಗಳು ಮಗು ಆ ತಾಯಿಯ ಗರ್ಭದಲ್ಲೇ ಇತ್ತು. ಅದನ್ನು ಈ ವಿಧಾನ ಬೇರ್ಪಡಿಸಲಾರದು. ಒಂದರ ಸಂದನ್ನು ಇನ್ನೊಂದು ಮುಚ್ಚುವುದರಿಂದ ಎರಡನ್ನೂ ಜೊತೆಗಿಟ್ಟು ನೋಡಬೇಕು.

ಕೊನೆಗೆ: ಅಂಕಿ ಏನನ್ನು ಹೇಳುವುದಿಲ್ಲ

ಒಬ್ಬ ವ್ಯಕ್ತಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಎತ್ತರದ ಹೆರಿಟಬಿಲಿಟಿಯೂ ಸುಮಾರು 80. ನಾನು 5 ಅಡಿ 5 ಅಂಗುಲ ಇದ್ದೇನೆ. ಅದರಲ್ಲಿ 4 ಅಡಿ 4 ಅಂಗುಲ ಜೀನ್‌ನದು, ಉಳಿದ 13 ಅಂಗುಲ ಮುದ್ದೆ ಸಾರಿನದು ಎಂದರೆ ಅರ್ಥ ಇದೆಯೇ? ಅಂಕಿ ಇರುವುದು ಜನರ ನಡುವಿನ ವ್ಯತ್ಯಾಸಕ್ಕೆ. ಹಾಗೆಯೇ ನನ್ನ ತಮ್ಮನ ಕಾಯಿಲೆಯಲ್ಲಿ ಎಂಬತ್ತು ಪಾಲು ಜೀನ್ ಎಂದು ಯಾರೂ ಹೇಳಲಾರರು.

ಬದಲಾಗದು ಎಂದೂ ಅದು ಹೇಳುವುದಿಲ್ಲ. ದಕ್ಷಿಣ ಕೊರಿಯಾದ ಹೆಂಗಸರ ಸರಾಸರಿ ಎತ್ತರ ಒಂದು ಶತಮಾನದಲ್ಲಿ ಸುಮಾರು 20 ಸೆಂ.ಮೀ. ಹೆಚ್ಚಿತು. ಅಷ್ಟರಲ್ಲಿ ಜೀನ್ ಬದಲಾಗಲು ಸಾಧ್ಯವಿಲ್ಲ. ಊಟ, ಆರೋಗ್ಯ ಬದಲಾದವು. ಮಳೆ ಚೆನ್ನಾಗಿ ಆದರೆ ಎಲ್ಲ ಕೆರೆಗಳ ಮಟ್ಟವೂ ಏರುತ್ತದೆ, ಆದರೂ ಅವುಗಳ ನಡುವಿನ ಹೆಚ್ಚು ಕಡಿಮೆ ಹಾಗೇ ಉಳಿಯಬಹುದು.

ಇನ್ನೊಂದು ವಿಷಯವನ್ನು ಓದುಗರು ಹೆಚ್ಚಾಗಿ ಗಮನಿಸುವುದಿಲ್ಲ. ‘ಜೀನ್’ ಅನ್ನುವ ಖಾತೆಗೆ ಸುತ್ತಲಿನ ಬದುಕಿನ ಪಾಲೂ ಸೇರಿಬಿಡುತ್ತದೆ. ಫಿನ್ಲೆಂಡಿನಲ್ಲಿ ತಿಯೆನಾರಿ ಮತ್ತು ಜೊತೆಗಾರರು ದತ್ತು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಹೆತ್ತ ತಾಯಿಗೆ ಕಾಯಿಲೆ ಇದ್ದ ಮಕ್ಕಳು ಜಗಳ, ಒತ್ತಡದ ಮನೆಯಲ್ಲಿ ಬೆಳೆದಾಗ ಈ ಬಗೆಯ ಕಾಯಿಲೆಗಳು ಹೆಚ್ಚು ಕಂಡವು. ನೆಮ್ಮದಿಯ ಮನೆಯಲ್ಲಿ ಬೆಳೆದಾಗ ತೀರಾ ಕಡಿಮೆ. ತಾಯಿಗೆ ಕಾಯಿಲೆ ಇಲ್ಲದ ಮಕ್ಕಳಲ್ಲಿ ಮನೆಯಿಂದ ಅಂಥ ವ್ಯತ್ಯಾಸ ಕಾಣಲಿಲ್ಲ. ಒಂದೇ ಮನೆಯಲ್ಲಿ ಬೆಳೆಯುವ ಅವಳಿಗಳ ಲೆಕ್ಕದಲ್ಲಿ ಇಂಥ ಕೂಡು ಪರಿಣಾಮ ಜೀನ್ ಖಾತೆಗೇ ಜಮಾ ಆಗುತ್ತದೆ. ಹಾಗಾಗಿ 79ರ ಒಳಗೆ ನಾವು ಬದಲಿಸಬಹುದಾದದ್ದೂ ಇದೆ.

ಈಗ ಸೋದರಮಾವ ಕೇಳಬೇಕಿದ್ದ ಪ್ರಶ್ನೆ: ಈ ಹುಡುಗಿಯ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಎಷ್ಟು? ಅವರು ಓದಿದ ಅದೇ 80ನ್ನು ಹಾಕಿ ಲೆಕ್ಕ ಮಾಡೋಣ. ಕಾಯಿಲೆ ಇದ್ದವನ ಸೋದರಳಿಯ, ಸೊಸೆಯರಲ್ಲಿ ಸಮಾನವಾಗಿರುವ ಜೀನ್‌ಗಳು ಕಾಲು ಭಾಗ. ಮಟ್ಟದ ಹೊಂದಿಕೆ 0.2. ಇದನ್ನು ಮತ್ತೆ ಕೋಡಿಯ ಲೆಕ್ಕಕ್ಕೆ ತಂದರೆ ನೂರಕ್ಕೆ ಮೂರೋ ನಾಲ್ಕೋ. ಉಳಿದವರಿಗೆ ನೂರಕ್ಕೆ ಒಂದು.

ಒಂದು ಭಾನುವಾರ ಇದನ್ನೆಲ್ಲ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ತೋರಿಸಿದೆ. ಚಿಕ್ಕಮ್ಮ ಕೊನೆವರೆಗೂ ಸುಮ್ನೆ ಕೇಳಿದರು. ಆಮೇಲೆ, ‘ಹಾಗಾದ್ರೆ ನನ್ನ ಕಡೆಯಿಂದ ಬಂತಾ, ಅವರ ಕಡೆಯಿಂದ ಬಂತಾ?’ ಅಂದರು. ಹನ್ನೊಂದು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆ ಅದು. 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಈ ಕಾಯಿಲೆಗೆ ಸಂಬಂಧಿಸಿದ 287 ತಾಣಗಳನ್ನು ಜೀನ್‌ಗಳಲ್ಲಿ ಗುರುತಿಸಿದೆ. ಒಂದೊಂದರ ಪರಿಣಾಮವೂ ತೀರಾ ಸಣ್ಣದು. ಅವುಗಳಲ್ಲಿ ಕೆಲವು ಚಿಕ್ಕಮ್ಮನಲ್ಲಿವೆ, ಕೆಲವು ಚಿಕ್ಕಪ್ಪನಲ್ಲಿವೆ, ಎದುರಿಗೆ ಕೂತ ನನ್ನಲ್ಲೂ ಇವೆ, ಆ ಸೋದರಮಾವನಲ್ಲೂ ಇವೆ. ಕಾಯಿಲೆ ಬಂದವರಲ್ಲಿ ಹೆಚ್ಚಿನವರ ಅಪ್ಪ ಅಮ್ಮ ಇಬ್ಬರಿಗೂ ಕಾಯಿಲೆ ಇರುವುದಿಲ್ಲ. ಇಷ್ಟನ್ನು ಹೇಳಿದೆ. ಅವರು ಹಾಳೆ ಮಡಚಿ ತಮ್ಮ ಪರ್ಸಿನಲ್ಲಿ ಇಟ್ಟುಕೊಂಡರು.