ಒಂದೇ ಫೋಟೋದಲ್ಲಿ ಡಿಕ್ಕಿ: ಕೊನೆಗೂ ಲೆಕ್ಕ ಕೂಡಿತು

ಎರಡು ಬ್ಲಾಕು ಡಿಕ್ಕಿ ಹೊಡೆಯೋ ಮುಂಚೆ, ಆಮೇಲೆ ಎಷ್ಟು ವೇಗ ಅಂತ ಒಂದೇ ಫೋಟೋದಲ್ಲಿ ಅಳೆಯಬೇಕಿತ್ತು. ಆದರೆ ಬ್ಲಾಕು ಗಾಳಿಯ ಮೇಲೆ ಉಜ್ಜದೆ ಜಾರೋ ಏರ್ ಟ್ರ್ಯಾಕ್ ಕೊಳ್ಳೋಕೆ ನಮ್ಮ ಪಿಯು ಕಾಲೇಜಿನ ಲ್ಯಾಬಿಗೆ ದುಡ್ಡಿರಲಿಲ್ಲ. ಹಾಗಾಗಿ ನಾನೇ ಮಾಡಿಕೊಂಡೆ. ಚೌಕದ ಅಲ್ಯೂಮಿನಿಯಂ ಪೈಪನ್ನು ಅಂಚು ಮೇಲೆ ಬರೋ ಹಾಗೆ ಮಲಗಿಸಿ, ಮೇಲಿನ ಎರಡು ಮೈಗೂ ಸಣ್ಣ ತೂತು ಕೊರೆದೆ. ಧೂಳು ಹೊಡೆಯೋ ಬ್ಲೋವರಿನಿಂದ ಒಳಗೆ ಗಾಳಿ ಬಿಟ್ಟೆ. ಎಲ್ ಆಂಗಲ್ ತುಂಡುಗಳೇ ಬ್ಲಾಕುಗಳು. ಪೈಪು, ಬ್ಲೋವರ್, ಎಲ್‌ಇಡಿ ಎಲ್ಲ ಸೇರಿ ಸುಮಾರು ಮೂರೂವರೆ ಸಾವಿರ ಆಗಿರಬೇಕು. ಅದರಲ್ಲಿ ಡ್ರಿಲ್ ಬಿಟ್ ಮುರಿದುಕೊಂಡಿದ್ದೇ ಇನ್ನೂರು ರೂಪಾಯಿ.

ಕತ್ತಲೆ ಕೋಣೆ, ಹಿಂದೆ ಕಪ್ಪು ಬಟ್ಟೆ, ಮೊಬೈಲಿನ ಪ್ರೋ ಮೋಡಿನಲ್ಲಿ ಎರಡು ಸೆಕೆಂಡ್ ಶಟರ್. 555 ಟೈಮರ್ ಚಿಪ್ಪಿಗೆ ಬಿಳಿ ಎಲ್‌ಇಡಿ ಕಟ್ಟಿ, ಸೆಕೆಂಡಿಗೆ 20 ಸಲ ಮಿನುಗಿಸಿದೆ. ಪ್ರತಿ ಮಿನುಗಿಗೂ ಫೋಟೋದಲ್ಲಿ ಬ್ಲಾಕಿನದ್ದು ಒಂದು ಚುಕ್ಕಿ ಬೀಳಬೇಕು, ಚುಕ್ಕಿಗಳ ಅಂತರದಿಂದ ವೇಗ ಸಿಗುತ್ತೆ. ಮೊದಲ ದಿನ ಚುಕ್ಕಿ ಬರಲೇ ಇಲ್ಲ, ಉದ್ದುದ್ದ ಗೀರು ಬಂತು. 555ರ ಮಾಮೂಲಿ ಸರ್ಕಿಟ್ಟಿನಲ್ಲಿ ಎಲ್‌ಇಡಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಉರಿದೇ ಇರುತ್ತೆ, ಅಲ್ವಾ? ಎರಡನೇ ರೆಸಿಸ್ಟರಿಗೆ ಅಡ್ಡ ಒಂದು ಡಯೋಡ್ ಹಾಕಿ, ಮೊದಲನೆಯದನ್ನು ತುಂಬಾ ಚಿಕ್ಕದು ಮಾಡಿದ ಮೇಲೆ ಒಂದು ಮಿಲಿಸೆಕೆಂಡಿನಷ್ಟೇ ಮಿನುಗು ಸಿಕ್ಕಿತು. ಬ್ಲಾಕುಗಳ ಮೇಲೆ ರೇಡಿಯಂ ಸ್ಟಿಕ್ಕರಿನ ಸಣ್ಣ ಚೂರು ಅಂಟಿಸಿದೆ. ಒಂದಕ್ಕೆ ಮೇಲೆ, ಇನ್ನೊಂದಕ್ಕೆ ಕೆಳಗೆ. ಇಲ್ಲದಿದ್ದರೆ ಡಿಕ್ಕಿ ಆದಮೇಲೆ ಯಾವ ಚುಕ್ಕಿ ಯಾರದ್ದು ಅಂತ ತಲೆ ಕೆಡುತ್ತೆ.

ಈಗ ಅಸಲಿ ಕತೆ. 300 ಗ್ರಾಮಿನ ಬ್ಲಾಕನ್ನು, ಸುಮ್ನೆ ನಿಂತಿದ್ದ 200 ಗ್ರಾಮಿನ ಬ್ಲಾಕಿಗೆ ಬಿಟ್ಟೆ. ಮಧ್ಯೆ ರಬ್ಬರ್ ಬ್ಯಾಂಡ್ ಬಂಪರ್. ಲೆಕ್ಕ ಹಾಕಿದರೆ ಡಿಕ್ಕಿಯ ಮುಂಚೆ ಇದ್ದದ್ದಕ್ಕಿಂತ ಆಮೇಲಿನ ಚಲನಶಕ್ತಿಯೇ ಕಾಲು ಭಾಗ ಜಾಸ್ತಿ! ಸ್ಟಾಫ್ ರೂಮಿನಲ್ಲಿ ನಕ್ಕರು. ‘ಸರ್, ಕರೆಂಟ್ ಬಿಲ್ ಉಳಿಸೋ ಯಂತ್ರ ಮಾಡಿದ್ದೀರಿ’ ಅಂದರು ನಮ್ಮ ಕೆಮಿಸ್ಟ್ರಿಯವರು. ಹಿರಿಯ ಮೇಷ್ಟ್ರೊಬ್ಬರು ಸ್ಕೇಲಿನ ಮೇಲೆ ಅನುಮಾನ ಪಟ್ಟರು. ಸ್ಕೇಲು ಹಿಂದಿದೆ, ಸ್ಟಿಕ್ಕರ್ ಕ್ಯಾಮೆರಾಗೆ ಹತ್ತಿರ ಇದೆ, ಅದಕ್ಕೇ ಹೀಗೆ ಅಂತ. ಅವರು ಹೇಳಿದ ತಪ್ಪು ಇದ್ದದ್ದು ನಿಜ. ಆದರೆ ಅದು ಎಲ್ಲ ಅಂತರವನ್ನೂ ಒಂದೇ ಪಾಲು ಹಿಗ್ಗಿಸುತ್ತೆ. ಜೌಲ್ ಲೆಕ್ಕ ತಪ್ಪಬಹುದು, ಮುಂಚೆ–ಆಮೇಲಿನ ಅನುಪಾತ ತಪ್ಪಲ್ಲ. ಫ್ಲಾಶಿನ ವೇಗ ಸ್ವಲ್ಪ ಆಚೀಚೆ ಇದ್ದರೂ ಅಷ್ಟೇ.

ರಾತ್ರಿ ಕೂತು ಆವೇಗ, ಅಂದರೆ ರಾಶಿ ಗುಣಿಸು ವೇಗ, ಕೂಡಿಸಿ ನೋಡಿದೆ. ಅದೂ ಕೂಡಲಿಲ್ಲ. ಮುಂಚೆ 0.192, ಆಮೇಲೆ 0.236. ಶಕ್ತಿ ಹೋಗಬಹುದು, ಆವೇಗ ಹೋಗೋ ಹಾಗಿಲ್ಲ, ಬರೋ ಹಾಗಂತೂ ಇಲ್ಲವೇ ಇಲ್ಲ. ಹಾಗಾದರೆ ನಾನು ಅಳತೆ ಓದಿದ್ದೇ ತಪ್ಪು. ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ತೆಗೆಸಿ ಮತ್ತೆ ಅಳೆದೆ. ಬರೋ ಬ್ಲಾಕಿನ ಅಂತರಗಳು 4.0, 4.0, 4.0, ಆಮೇಲೆ 3.2 ಸೆಂಟಿಮೀಟರ್. ಕಳ್ಳ ಸಿಕ್ಕಿಬಿದ್ದ! ಡಿಕ್ಕಿ ಆಗಿದ್ದು ಆ ಕೊನೆಯ ಎರಡು ಮಿನುಗಿನ ನಡುವೆ. ಅದರಲ್ಲಿ ಸ್ವಲ್ಪ ಹೊತ್ತು ಹಳೆ ವೇಗ, ಸ್ವಲ್ಪ ಹೊತ್ತು ಹೊಸ ವೇಗ. ಡಿಕ್ಕಿಗೆ ಹತ್ತಿರದ ಅಂತರವೇ ಒಳ್ಳೇದು ಅಂತ ನಾನು ಅದನ್ನೇ ಹಿಡಿದಿದ್ದೆ.

ಆ ಅಂತರ ಬಿಟ್ಟುಬಿಟ್ಟೆ. ಆಮೇಲೆ ಎಲ್ಲ ಸರಿಯಾಯಿತು. 0.05 ಸೆಕೆಂಡಿಗೆ 4.0 ಸೆಂ.ಮೀ. ಅಂದರೆ ಬಂದ ವೇಗ ಸೆಕೆಂಡಿಗೆ 0.80 ಮೀಟರ್. ಡಿಕ್ಕಿಯ ನಂತರ ದೊಡ್ಡ ಬ್ಲಾಕಿನ ಅಂತರ 1.2, ಅಂದರೆ 0.24. ಚಿಕ್ಕದರದ್ದು 4.1, ಅಂದರೆ 0.82. ಆವೇಗ ಮುಂಚೆ 0.240, ಆಮೇಲೆ 0.236. ಎರಡು ಪರ್ಸೆಂಟಿನ ಒಳಗೇ ಬಂತು. ಚಲನಶಕ್ತಿ ಮುಂಚೆ 0.096 ಜೌಲ್, ಆಮೇಲೆ 0.076. ಐದರಲ್ಲಿ ಒಂದು ಪಾಲು ರಬ್ಬರ್ ಬ್ಯಾಂಡಿಗೆ, ಸದ್ದಿಗೆ, ಬ್ಲಾಕಿನ ನಡುಕಕ್ಕೆ ಹೋಯಿತು. ಒಂದು ಅಂತರದ ಬದಲು ನಾಲ್ಕು ಅಂತರ ಒಟ್ಟಿಗೆ ಅಳೆದು ಭಾಗಿಸಿ. ವೇಗದಲ್ಲಿ ಎರಡು ಪರ್ಸೆಂಟ್ ತಪ್ಪಿದರೆ ಶಕ್ತಿಯಲ್ಲಿ ನಾಲ್ಕು ತಪ್ಪುತ್ತೆ. ಈಗ ನಮ್ಮ ಲ್ಯಾಬಿನಲ್ಲಿ ಆವೇಗ ಕೂಡದ ಫೋಟೋಗೆ ಶಕ್ತಿಯ ಲೆಕ್ಕವೇ ಹಾಕಿಸಲ್ಲ.

ಟ್ರ್ಯಾಕ್ ಮಟ್ಟ ಇದೆಯಾ ಅನ್ನೋದಕ್ಕೆ ಮೊದಲು ಒಂದೇ ಬ್ಲಾಕ್ ಓಡಿಸಿ ಫೋಟೋ ತೆಗೆಯಿರಿ. ಚುಕ್ಕಿಗಳು ದೂರ ದೂರ ಆಗ್ತಾ ಹೋದರೆ ಇಳಿಜಾರಿದೆ. ನಾನು ಒಂದು ಕಾಲಿನ ಕೆಳಗೆ ಹಳೆ ಹಾಲ್ ಟಿಕೆಟ್ ಮಡಚಿ ಇಟ್ಟಿದ್ದೇನೆ, ಇನ್ನೂ ಅಲ್ಲೇ ಇದೆ.

ಮಧ್ಯೆ ಒಂದು ಹುಚ್ಚು. ಬಂಪರ್ ಕಿತ್ತು ಮಕ್ಕಳಾಟದ ಜೇಡಿ ಮೆತ್ತಿದೆ. ಎರಡೂ ಅಂಟಿಕೊಂಡು ಹೋದವು, ಅಂತರ 2.4ರ ಆಸುಪಾಸು. ಉಳಿದ ಶಕ್ತಿ ನೂರಕ್ಕೆ ಅರವತ್ತು. 300ನ್ನು 500ರಿಂದ ಭಾಗಿಸಿ, ಅದೇ ಬರುತ್ತೆ. ಎಷ್ಟು ಜೋರಾಗಿ ಬಿಟ್ಟರೂ ಅಷ್ಟೇ ಬರುತ್ತೆ ಅನ್ನೋದು ಹುಡುಗರಿಗೆ ನಂಬಿಕೆಯೇ ಬರಲಿಲ್ಲ. ಆರು ಸಲ ಬಿಟ್ಟು ನೋಡಿದರು.

ಕೈ ಅಲುಗದ ಹಾಗೆ ಪ್ರತಿ ಸಲ ಒಂದೇ ವೇಗದಲ್ಲಿ ಬ್ಲಾಕ್ ಬಿಡೋ ಉಪಾಯ ಒಂದಿದೆ. ಅದು ನನ್ನ ಹತ್ರಾನೇ ಇರಲಿ. ಕೆಮಿಸ್ಟ್ರಿಯವರು ಕಾಫಿ ಕುಡಿಸಿ ಕೇಳಿದರು, ಅವರಿಗೂ ಹೇಳಿಲ್ಲ.