ಅರ್ಧ ಕತ್ತರಿಸಿದ ಸ್ಕ್ರೀನ್‌ಶಾಟ್‌ನಿಂದ ಬಡ್ಡಿ, ಅಸಲು ಲೆಕ್ಕ ಹಾಕಿದ್ದು

ನಾನು ಕಲಬುರಗಿಯ ನೆಹರು ಗಂಜ್‌ನಲ್ಲಿ ಒಂದು ದಾಲ್ ಮಿಲ್‌ನ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ರೈತನಾದ ನನ್ನ ಚಿಕ್ಕಪ್ಪನ ಮಗ ಫೆಬ್ರವರಿಯಲ್ಲಿ ತೊಗರಿ ಮಾರಿದ ದುಡ್ಡು ಕೈಗೆ ಬಂದಾಗ ಫೋನ್ ಮಾಡಿದ. ಅವನು ಗೂಡ್ಸ್ ಗಾಡಿಗೆ 3 ಲಕ್ಷ ಸಾಲ ಮಾಡಿದ್ದ. 36 ಕಂತು, ತಿಂಗಳಿಗೆ ₹9,964. ಅದರಲ್ಲಿ 18 ಕಂತು ಕಟ್ಟಿ ಮುಗಿದಿತ್ತು.

‘ಅಣ್ಣಾ, ಸಾಲ ಒಮ್ಮೆಲೇ ತೀರಿಸಿ ಬಿಡಬೇಕಂತ ಮಾಡೀನಿ. ಫೋನ್‌ನ್ಯಾಗ ಕೇಳಿದ್ರ ಒಂದು ಲಕ್ಷ ಎಪ್ಪತ್ತೊಂಬತ್ತು ಸಾವಿರ ಬಾಕಿ ಅಂತಾರ. ಅರ್ಧ ಕಂತು ಕಟ್ಟೀನಿ, ಅಂದ್ರ ಅರ್ಧ ಬಡ್ಡಿ ಉಳೀತದಲ್ಲ?’

ಕಂತಿನ ಪಟ್ಟಿ ಕಳಿಸು ಅಂದೆ. ವಾಟ್ಸಾಪ್‌ನಲ್ಲಿ ಒಂದು ಸ್ಕ್ರೀನ್‌ಶಾಟ್ ಬಂತು. ಮೇಲಿನ ಭಾಗ ಕತ್ತರಿಸಿ ಹೋಗಿತ್ತು. ಯಾವ ಅಂಕಿ ಏನು ಅನ್ನೋ ತಲೆಬರಹ ಇಲ್ಲ, ಬಡ್ಡಿ ದರ ಇಲ್ಲ. 15ರಿಂದ 20ನೇ ಕಂತಿನವರೆಗೆ ಮಾತ್ರ ಅಂಕಿಗಳು. ಅದರಲ್ಲಿ ನಾಲ್ಕು ಇಲ್ಲಿವೆ:

```
15   9,964   8,005   1,959   1,87,901
16   9,964   8,085   1,879   1,79,816
17   9,964   8,166   1,798   1,71,650
18   9,964   8,247   1,717   1,63,403
```

ಎರಡನೆಯ ಅಂಕಿ ಕಂತು ಅಂತ ಗೊತ್ತೇ ಇದೆ. ಆಮೇಲಿನ ಎರಡನ್ನೂ ಕೂಡಿದರೆ ಕಂತು ಬರುತ್ತದೆ. ಒಂದು ತಿಂಗಳಿಂದ ತಿಂಗಳಿಗೆ ಏರುತ್ತಿದೆ, ಅದು ಅಸಲು. ಇನ್ನೊಂದು ಇಳಿಯುತ್ತಿದೆ, ಅದು ಬಡ್ಡಿ. ಬಡ್ಡಿ ಇಳಿಯದೆ ಎಲ್ಲ ತಿಂಗಳೂ ಒಂದೇ ಇದ್ದಿದ್ದರೆ ಅದು ಫ್ಲ್ಯಾಟ್ ದರದ ಸಾಲ. ಆಗ ಮುಂದಿನ ದರದ ಲೆಕ್ಕ ಕೂಡಿ ಬರುವುದಿಲ್ಲ.

ನಿಜವಾದ ತೊಡಕು ಕೊನೆಯ ಅಂಕಿಯಲ್ಲಿ. 1,63,403 ಅಂದರೆ 18ನೇ ಕಂತು ಕಟ್ಟುವ ಮುಂಚಿನ ಬಾಕಿಯೋ, ಕಟ್ಟಿದ ಮೇಲಿನ ಬಾಕಿಯೋ? ಕೆಲವು ಪಟ್ಟಿಗಳಲ್ಲಿ ಮುಂಚಿನದು ಇರುತ್ತದೆ, ಕೆಲವದರಲ್ಲಿ ಆಮೇಲಿನದು. ತಪ್ಪಾಗಿ ಓದಿದರೆ ಒಂದು ಕಂತಿನ ಅಸಲು ಪೂರ್ತಿ, ಅಂದರೆ ಇಲ್ಲಿ ಎಂಟು ಸಾವಿರ, ಹೆಚ್ಚು ಕಡಿಮೆ ಆಗುತ್ತದೆ. ಮೊದಲು ನಾನೂ ಅವಸರದಲ್ಲಿ ಅದನ್ನು ಮುಂಚಿನ ಬಾಕಿ ಅಂತಲೇ ಹಿಡಿದು 8,247 ಕಳೆದುಬಿಟ್ಟಿದ್ದೆ.

ಇದನ್ನು ಪತ್ತೆ ಮಾಡೋಕೆ ಪಕ್ಕಪಕ್ಕದ ಎರಡು ಸಾಲು ಸಾಕು. 15ರ ಸಾಲಿನಲ್ಲಿ ಬಾಕಿ 1,87,901. ಅದರಿಂದ 16ರ ಅಸಲು 8,085 ಕಳೆದರೆ 1,79,816. ಅದೇ ಅಂಕಿ 16ರ ಸಾಲಿನಲ್ಲಿ ಕೂತಿದೆ. ಅಂದರೆ ಆ ಸಾಲಿನ ಅಸಲು ಕಳೆದ ಮೇಲೆ ಉಳಿದದ್ದೇ ಕೊನೆಯ ಅಂಕಿ, ಕಂತು ಕಟ್ಟಿದ ಮೇಲಿನ ಬಾಕಿ. ಮುಂಚಿನ ಬಾಕಿ ಆಗಿದ್ದರೆ 1,87,901ರಿಂದ ಅದೇ 15ರ ಸಾಲಿನ 8,005 ಕಳೆದಾಗ 16ರ ಅಂಕಿ ಬರಬೇಕಿತ್ತು. ಬರುವುದಿಲ್ಲ. ಚಿತ್ರ ಮಸುಕಾಗಿ 3 ಯಾವುದು, 8 ಯಾವುದು ಅಂತ ಗೊತ್ತಾಗದಿದ್ದಾಗಲೂ ಇದೇ ಕಳೆಯುವ ಲೆಕ್ಕ ಕೈ ಹಿಡಿಯುತ್ತದೆ.

ಬಡ್ಡಿ ದರವೂ ಇಲ್ಲೇ ಸಿಗುತ್ತದೆ. 15ರ ಕೊನೆಯಲ್ಲಿ ಉಳಿದ 1,87,901ರ ಮೇಲೆ 16ರಲ್ಲಿ ಬಿದ್ದ ಬಡ್ಡಿ 1,879. ನಮ್ಮ ಕಡೆ ಹೇಳೋ ಹಾಗೆ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ, ಅಂದರೆ ವರ್ಷಕ್ಕೆ ಶೇ. 12. ಇನ್ನೊಂದು ಜೋಡಿ ಸಾಲು ತೆಗೆದುಕೊಂಡು ನೋಡಿದೆ, ಅದೂ ಅಷ್ಟೇ ಬಂತು. ದಿನದ ಲೆಕ್ಕದಲ್ಲಿ ಬಡ್ಡಿ ಹಾಕುವ ಸಾಲಗಳಲ್ಲಿ ಇದು ಇಷ್ಟು ಸರಿಯಾಗಿ ಕೂರುವುದಿಲ್ಲ. 31 ದಿನದ ತಿಂಗಳಲ್ಲಿ ಸ್ವಲ್ಪ ಜಾಸ್ತಿ, ಫೆಬ್ರವರಿಯಲ್ಲಿ ಕಡಿಮೆ ಬರುತ್ತದೆ. ಅದು ಪಟ್ಟಿಯ ತಪ್ಪಲ್ಲ.

ಇಷ್ಟಾದ ಮೇಲೆ ಬಡ್ಡಿಯ ಲೆಕ್ಕಕ್ಕೆ 36 ಸಾಲು ಕೂಡುತ್ತ ಕೂರಬೇಕಿಲ್ಲ. ಕಟ್ಟಿದ ಒಟ್ಟು ದುಡ್ಡಿನಲ್ಲಿ ಅಸಲಿಗೆ ಹೋದದ್ದು ತೆಗೆದರೆ ಉಳಿದದ್ದು ಬಡ್ಡಿ. ಎಕ್ಸೆಲ್‌ನಲ್ಲಿ ಹೀಗೆ ಹಾಕಿದೆ:

```
=9964*18-(300000-163403)
```

ಬಂದದ್ದು ₹42,755. ಇದು ಈಗಾಗಲೇ ಕಟ್ಟಿರುವ ಬಡ್ಡಿ. ಇನ್ನು ಉಳಿದ 18 ಕಂತು ಸೇರಿ ₹1,79,352. ಕೊನೆಯ ಕಂತಿನಲ್ಲಿ ಚಿಲ್ಲರೆ ಸರಿ ಮಾಡುತ್ತಾರೆ. ಶೇ. 12ರಲ್ಲಿ ಕೊನೆಯವರೆಗೆ ಲೆಕ್ಕ ಓಡಿಸಿದಾಗ 13 ರೂಪಾಯಿ ಉಳಿಯಿತು, ಹಾಗಾಗಿ ₹1,79,365. ಅದರಲ್ಲಿ ಅಸಲು ₹1,63,403 ತೆಗೆದರೆ ಮುಂದೆ ಬೀಳುವ ಬಡ್ಡಿ ₹15,962. ಕಟ್ಟಿದ್ದು, ಕಟ್ಟಬೇಕಾದ್ದು ಎರಡೂ ಸೇರಿ ಸಾಲದ ಒಟ್ಟು ಬಡ್ಡಿ ₹58,717.

ಫೋನಿನಲ್ಲಿ ಹೇಳಿದ ‘ಒಂದು ಲಕ್ಷ ಎಪ್ಪತ್ತೊಂಬತ್ತು ಸಾವಿರ’ ಎಲ್ಲಿಂದ ಬಂತು ಅಂತ ಆಗ ತಿಳಿಯಿತು. ಅವರು ಹೇಳಿದ್ದು ಉಳಿದ ಕಂತುಗಳ ಮೊತ್ತ. ಇನ್ನೂ ಬೀಳದೇ ಇರುವ ಬಡ್ಡಿಯೂ ಅದರೊಳಗಿದೆ. ಇವತ್ತೇ ಸಾಲ ಮುಗಿಸುವವನಿಗೆ ಆ ಬಡ್ಡಿ ಬೀಳೋದೇ ಇಲ್ಲ. ಬಾಕಿ ಎಷ್ಟು ಅಂತ ಕೇಳಿದ ರೈತನಿಗೆ ಈ ವ್ಯತ್ಯಾಸ ಬಿಡಿಸಿ ಹೇಳದೇ ಇದ್ದದ್ದು ನನಗೆ ಬೇಜಾರು ತರಿಸಿತು. ನೀವು ಕೇಳುವಾಗ ‘ಅಸಲು ಬಾಕಿ ಎಷ್ಟು’ ಅಂತಲೇ ಕೇಳಿ.

ತಮ್ಮನ ‘ಅರ್ಧ ಬಡ್ಡಿ’ಯ ಲೆಕ್ಕವೂ ಸರಿ ಇರಲಿಲ್ಲ. ಕಂತು ಅರ್ಧ ಮುಗಿದಿದ್ದರೂ ಬಡ್ಡಿ ಸುಮಾರು ಮುಕ್ಕಾಲು ಪಾಲು ಹೋಗಿಬಿಟ್ಟಿತ್ತು. ಮೊದಮೊದಲು ಬಾಕಿ ಅಸಲು ದೊಡ್ಡದು, ಅದರ ಮೇಲಿನ ಬಡ್ಡಿಯೂ ದೊಡ್ಡದು, ಅಲ್ವಾ?

ಪಟ್ಟಿ ಅನ್ನೋದು ಸಾಲ ಕೊಟ್ಟ ದಿನ ಹಾಕಿದ ಲೆಕ್ಕ. ನಡುವೆ ಕಂತು ತಪ್ಪಿದ್ದು ಅದಕ್ಕೆ ಗೊತ್ತಿರುವುದಿಲ್ಲ. ಅದಕ್ಕೇ ಸಾಲ ಮುಗಿಸಲು ಎಷ್ಟು ಅಂತ ಬರೆದ ಪತ್ರವನ್ನೂ, ಖಾತೆಯ ಸ್ಟೇಟ್‌ಮೆಂಟನ್ನೂ ತರಿಸಿಕೊಳ್ಳಲು ಹೇಳಿದೆ. 18ನೇ ಕಂತಿನ ತಾರೀಖಿನಿಂದ 11 ದಿನಕ್ಕೆ ಲೆಕ್ಕ ಹಾಕಿದ ಪತ್ರ ಬಂತು. ಅಸಲು 1,63,403, ಒಂದು ರೂಪಾಯಿಯೂ ವ್ಯತ್ಯಾಸ ಇಲ್ಲ. 11 ದಿನದ ಬಡ್ಡಿ 591. ಅವಧಿಗೆ ಮುಂಚೆ ಮುಗಿಸಿದ್ದಕ್ಕೆ ಅಸಲಿನ ಶೇ. 4, ಅದರ ಮೇಲೆ ಶೇ. 18 ಜಿಎಸ್‌ಟಿ, ಎರಡೂ ಸೇರಿ 7,713. ಜೊತೆಗೆ ಮಳೆಗಾಲದಲ್ಲಿ ಒಂದು ಕಂತು ಬೌನ್ಸ್ ಆಗಿದ್ದಕ್ಕೆ 400. ಆ ಕಂತನ್ನು ಒಂಬತ್ತು ದಿನ ತಡವಾಗಿ ಕಟ್ಟಿದ್ದು ನನಗೆ ಹೇಳೋಕೆ ಅವನು ಮರೆತಿದ್ದ.

ಬೌನ್ಸ್ ದುಡ್ಡು ಹೇಗಿದ್ದರೂ ಕಟ್ಟಲೇಬೇಕು. ಅದನ್ನು ಬಿಟ್ಟು ಲೆಕ್ಕ ಹಾಕಿದೆ. 15,962ರಲ್ಲಿ 591 ಮತ್ತು 7,713 ಹೋದರೆ ನಿಜವಾಗಿ ಉಳಿಯೋದು ₹7,658. ಆ ಉಳಿತಾಯಕ್ಕೆ ಇವತ್ತು ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಜಾಸ್ತಿ ಒಟ್ಟಿಗೆ ಕೊಡಬೇಕು.

ಚೀಟಿಯಲ್ಲಿ ಇಷ್ಟನ್ನೂ ಬರೆದು ಅವನ ಮುಂದಿಟ್ಟೆ. ಸ್ವಲ್ಪ ಹೊತ್ತು ನೋಡಿದ. ‘ಅಣ್ಣಾ, ಈ ರೊಕ್ಕ ಕೊಟ್ರ ಜೂನ್‌ನ್ಯಾಗ ಬಿತ್ತಾಕ ಮತ್ತ ಕೈಸಾಲ ಮಾಡಬೇಕು. ಅದು ನೂರಕ್ಕ ಎರಡು ರೂಪಾಯಿ’ ಅಂದ. ಬೌನ್ಸ್ ಆದ 400 ಮಾತ್ರ ಅವತ್ತೇ ಕಟ್ಟಿದ. ತೊಗರಿ ದುಡ್ಡು ಬೀಜ, ಗೊಬ್ಬರಕ್ಕೆ ಇಟ್ಟುಕೊಂಡ. 19ನೇ ಕಂತು ಕಟ್ಟಿದ ದಿನ ಸ್ಟೇಟ್‌ಮೆಂಟ್ ಚಿತ್ರ ಕಳಿಸಿದ, ಈ ಸಲ ತಲೆಬರಹದ ಸಮೇತ. ಬಾಕಿ ಅಸಲು 1,55,073 ಇತ್ತು.