ಫೋಟೊ ನಯ ಮಾಡುವ ಫಿಲ್ಟರನ್ನು ಎರಡು ಸುತ್ತುಗಳಾಗಿ ಒಡೆಯುವುದು ಹೇಗೆ?

ಕತ್ತಲಲ್ಲಿ ತೆಗೆದ ಫೋಟೊದಲ್ಲಿ ಕಾಳುಕಾಳಾಗಿ ನಾಯ್ಸ್ ಕಾಣುತ್ತದೆ ಅಲ್ವಾ? ಅದನ್ನು ತಗ್ಗಿಸಲು ಪ್ರತಿ ಪಿಕ್ಸೆಲನ್ನೂ ಸುತ್ತಲಿನ ಪಿಕ್ಸೆಲ್‌ಗಳ ಜೊತೆ ಸೇರಿಸಿ ಸರಾಸರಿ ತೆಗೆಯುತ್ತೇವೆ. ಯಾವುದಕ್ಕೆ ಎಷ್ಟು ತೂಕ ಅಂತ ಹೇಳುವ ಚಿಕ್ಕ ಅಂಕಿಗಳ ಚೌಕವೇ ಕರ್ನೆಲ್.

ತುಂಬಾ ಬಳಕೆಯಲ್ಲಿರುವ ಒಂದು 3×3 ಕರ್ನೆಲ್ ಇಲ್ಲಿದೆ. ಕೊನೆಗೆ 16ರಿಂದ ಭಾಗಿಸಬೇಕು.

```
1 2 1
2 4 2
1 2 1
```

ಇದನ್ನು ಮಗ್ಗಿ ಕೋಷ್ಟಕದ ಹಾಗೆ ನೋಡಿ. ಮೇಲೆ ಅಡ್ಡಕ್ಕೆ 1 2 1, ಎಡಕ್ಕೆ ಕೆಳಮುಖವಾಗಿ 1 2 1 ಬರೆದು ಗುಣಿಸುತ್ತಾ ಹೋದರೆ ಇದೇ ಚೌಕ ಬರುತ್ತದೆ. ಹೀಗೆ ಒಂದು ಅಡ್ಡಸಾಲು ಮತ್ತು ಒಂದು ಕಂಬಸಾಲಿನಿಂದ ಹುಟ್ಟುವ ಕರ್ನೆಲನ್ನು ಎರಡಾಗಿ ಒಡೆಯಬಹುದು. ಮೊದಲು ಅಡ್ಡಕ್ಕೆ ಒಂದು ಸುತ್ತು, ಆಮೇಲೆ ಅದರ ಫಲಿತಾಂಶದ ಮೇಲೆ ಉದ್ದಕ್ಕೆ ಇನ್ನೊಂದು.

ಕೈಯಲ್ಲೇ ಲೆಕ್ಕ ಮಾಡಿ ನೋಡೋಣ. ಫೋಟೊದ ಒಂದು ತುಣುಕು ಹೀಗಿದೆ, ನಡುವಿನ 100 ನಾಯ್ಸ್.

```
10  20 30
20 100 40
30  40 10
```

ಒಂದೇ ಏಟಿಗೆ ಮಾಡಿದರೆ ಮೂರು ಸಾಲುಗಳಿಂದ 80, 520, 120 ಬರುತ್ತವೆ. ಒಟ್ಟು 720, 16ರಿಂದ ಭಾಗಿಸಿದರೆ 45. ಈಗ ಒಡೆದು ಮಾಡಿ. ಪ್ರತಿ ಅಡ್ಡಸಾಲಿಗೆ 1 2 1 ಹಾಕಿ 4ರಿಂದ ಭಾಗಿಸಿದರೆ 20, 65, 30. ಈ ಮೂರಕ್ಕೆ ಮತ್ತೆ 1 2 1 ಹಾಕಿದರೆ 20 + 130 + 30 = 180, ಅದನ್ನು 4ರಿಂದ ಭಾಗಿಸಿದರೆ ಅದೇ 45.

ಆದರೆ ಉಳಿತಾಯ ಎಲ್ಲಿದೆ? ಮೊದಲ ದಾರಿಯಲ್ಲಿ 9 ಗುಣಾಕಾರ, ಎರಡನೆಯದರಲ್ಲಿ 9 + 3 = 12, ಜಾಸ್ತಿಯೇ ಆಯಿತು! ಒಂದೇ ಪಿಕ್ಸೆಲ್ ಬೇಕಿದ್ದರೆ ಇದು ನಿಜವಾಗಿಯೂ ನಷ್ಟ. ಲಾಭ ಇರುವುದು ಹಂಚಿಕೆಯಲ್ಲಿ. ನಾವು ಲೆಕ್ಕ ಹಾಕಿದ ಆ 65 ಈ ಪಿಕ್ಸೆಲ್‌ಗೆ ಮಾತ್ರವಲ್ಲ, ಅದರ ಮೇಲಿನದಕ್ಕೂ ಕೆಳಗಿನದಕ್ಕೂ ಬೇಕು, ಒಮ್ಮೆ ಬರೆದಿಟ್ಟರೆ ಮೂವರೂ ಬಳಸುತ್ತಾರೆ. ಹಾಗಾಗಿ ಇಡೀ ಚಿತ್ರದ ಲೆಕ್ಕದಲ್ಲಿ ಒಂದು ಪಿಕ್ಸೆಲ್‌ಗೆ ಬೀಳುವುದು 3 + 3 = 6 ಮಾತ್ರ.

ಕರ್ನೆಲ್ ದೊಡ್ಡದಾದಷ್ಟೂ ಲಾಭ ಹೆಚ್ಚು. 15×15 ಕರ್ನೆಲ್‌ಗೆ ಪಿಕ್ಸೆಲ್ ಒಂದಕ್ಕೆ 225 ಗುಣಾಕಾರ, ಒಡೆದರೆ 30. 4000×3000 ಅಳತೆಯ ಕಪ್ಪುಬಿಳುಪು ಫೋಟೊದಲ್ಲಿ 1.2 ಕೋಟಿ ಪಿಕ್ಸೆಲ್ ಇರುತ್ತವೆ, ಅಂದರೆ 270 ಕೋಟಿ ಗುಣಾಕಾರದ ಕೆಲಸ 36 ಕೋಟಿಗೆ ಇಳಿಯುತ್ತದೆ.

ಕಂಪ್ಯೂಟರಿನಲ್ಲಿ ಪರೀಕ್ಷಿಸಲು ಇಷ್ಟು ಸಾಕು:

```python
import cv2, numpy as np
img = cv2.imread("photo.jpg", 0).astype(np.float32)
k = np.array([1, 2, 1], np.float32) / 4
a = cv2.filter2D(img, -1, np.outer(k, k))
b = cv2.sepFilter2D(img, -1, k, k)
print(np.abs(a - b).max())
```

ಇಲ್ಲಿ 0 ಬರಬೇಕು. ತೂಕಗಳು ಗಂಟೆಯಾಕಾರದಲ್ಲಿ ಇಳಿಯುವ ಗಾಸಿಯನ್ ಕರ್ನೆಲ್ ಹಾಕಿದರೆ ದಶಮಾಂಶಗಳ ಕಾರಣಕ್ಕೆ ಒಂಚೂರು ವ್ಯತ್ಯಾಸ ಕಾಣಬಹುದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ನೀವೇ ಲೂಪ್ ಬರೆಯುವುದಾದರೆ ಎಡವುವ ಜಾಗ ಎರಡಿವೆ. ಮೊದಲನೆಯದು ನಡುವಿನ ಫಲಿತಾಂಶ. ಅದನ್ನು 8 ಬಿಟ್‌ನಲ್ಲಿ ಇಟ್ಟರೆ 20.75 ಸುಮ್ನೆ 20 ಆಗಿಬಿಡುತ್ತದೆ, ಎರಡನೇ ಸುತ್ತಿನಲ್ಲಿ ಮತ್ತೊಮ್ಮೆ ಕತ್ತರಿ ಬೀಳುತ್ತದೆ. ಕಣ್ಣಿಗೆ ಇದು ಸುಲಭವಾಗಿ ಕಾಣುವುದಿಲ್ಲ. ಫಿಲ್ಟರಿಗೆ ಮೊದಲು ಮತ್ತು ನಂತರ ಇಡೀ ಚಿತ್ರದ ಸರಾಸರಿ ತೆಗೆದು ನೋಡಿ, ಹೆಚ್ಚುಕಡಿಮೆ ಒಂದರಷ್ಟು ಇಳಿದಿದ್ದರೆ ಇದೇ ಕಾರಣ ಇರಬಹುದು. ನಡುವಿನದನ್ನು `float32`ನಲ್ಲೇ ಇಡಿ, ಪೂರ್ಣಾಂಕ ಮಾಡುವುದು ಕೊನೆಗೆ ಒಂದೇ ಸಲ. ಮತ್ತೆ ಆ ಫಲಿತಾಂಶವನ್ನು ಬೇರೆ ಅರೇಯಲ್ಲಿ ಬರೆಯಿರಿ. ಮೂಲದ ಮೇಲೆಯೇ ಬರೆದರೆ ಮುಂದಿನ ಪಿಕ್ಸೆಲ್ ಆಗಲೇ ನಯವಾದ ಎಡಪಕ್ಕವನ್ನು ಓದುತ್ತದೆ, ಚಿತ್ರ ಒಂದು ಕಡೆಗೆ ಎಳೆದಂತೆ ಆಗುತ್ತದೆ.

ಎರಡನೆಯದು ಉದ್ದದ ಸುತ್ತು. ಮೆಮೊರಿಯಲ್ಲಿ ಚಿತ್ರ ಸಾಮಾನ್ಯವಾಗಿ ಅಡ್ಡಸಾಲು ಅಡ್ಡಸಾಲಾಗಿ ಕೂತಿರುತ್ತದೆ. ನೀವು ಒಂದು ಕಂಬಸಾಲು ಹಿಡಿದು ಮೇಲಿನಿಂದ ಕೆಳಗೆ ಹೋದರೆ ಪ್ರತಿ ಹೆಜ್ಜೆಗೂ ಸಾವಿರಾರು ಬೈಟ್ ಜಿಗಿಯಬೇಕು, ಪ್ರೊಸೆಸರಿನ ವೇಗದ ಚಿಕ್ಕ ಮೆಮೊರಿಯಾದ ಕ್ಯಾಶ್ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ, ಗುಣಾಕಾರ ಕಡಿಮೆಯಾದಷ್ಟು ಸಮಯ ಉಳಿಯುವುದಿಲ್ಲ. ಅದರ ಬದಲು ಮೂರು ಅಡ್ಡಸಾಲುಗಳನ್ನು ಇಡಿಯಾಗಿ ತೆಗೆದುಕೊಂಡು, ಒಂದೊಂದನ್ನೂ ಅದರ ತೂಕದಿಂದ ಗುಣಿಸಿ, ಎಡದಿಂದ ಬಲಕ್ಕೆ ಕೂಡಿಸುತ್ತಾ ಹೋಗಿ. ಉತ್ತರ ಅದೇ, ಓದುವ ಕ್ರಮ ಮಾತ್ರ ಬೇರೆ.

ಎಲ್ಲ ಕರ್ನೆಲ್‌ಗಳೂ ಒಡೆಯುವುದಿಲ್ಲ. ಪ್ರತಿ ಅಡ್ಡಸಾಲೂ ಒಂದೇ ಸಾಲನ್ನು ಯಾವುದೋ ಅಂಕಿಯಿಂದ ಗುಣಿಸಿದ್ದಾಗಿರಬೇಕು, ಅಷ್ಟೇ ನಿಯಮ. ಮೇಲಿನ ಕರ್ನೆಲ್‌ನ ನಡುಸಾಲು 2 4 2, ಅದು 1 2 1ರ ಎರಡರಷ್ಟು, ಸರಿ ಇದೆ. ಅದೇ ಕೂಡುವ ಚಿಹ್ನೆಯ ಆಕಾರದ ಕರ್ನೆಲ್ ತೆಗೆದುಕೊಳ್ಳಿ: ಮೇಲೆ 0 1 0, ನಡುವೆ 1 1 1, ಕೆಳಗೆ 0 1 0. 0 1 0ಯನ್ನು ಯಾವುದರಿಂದ ಗುಣಿಸಿದರೂ 1 1 1 ಬರುವುದಿಲ್ಲ. ಕ್ಯಾಮೆರಾ ಫೋಕಸ್ ತಪ್ಪಿದಾಗಿನ ಹಾಗೆ ದುಂಡಗೆ ಮಸುಕು ಮಾಡುವ ತಟ್ಟೆಯಾಕಾರದ ಕರ್ನೆಲ್‌ಗೂ ಇದೇ ತೊಂದರೆ. ದೊಡ್ಡ ಕರ್ನೆಲ್ ಇದ್ದರೆ `np.linalg.matrix_rank(K)` ಹಾಕಿ ನೋಡಿ. 1 ಬಂದರೆ ಎರಡು ಸುತ್ತುಗಳಾಗಿ ಒಡೆಯುತ್ತದೆ. 3 ಬಂದರೆ ಅಂಥ ಮೂರು ಜೋಡಿ ಸುತ್ತು ಮಾಡಿ ಕೂಡಿಸಬೇಕು, 15×15ಕ್ಕೆ ಆಗಲೂ 225ರ ಬದಲು 90 ಗುಣಾಕಾರ.